ಅಜ್ಜ-ಅಜ್ಜಿಯ ಐವತ್ತನೇ ವರ್ಷದ ಫೋಟೋಗೆ ಕ್ಯಾಪ್ಷನ್ ಬರೆಯುವುದು ಹೇಗೆ?

ನಮ್ಮ ಅಜ್ಜನ ಮನೆಯಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಇದೆ. ಅಜ್ಜ-ಅಜ್ಜಿಯ ಮದುವೆಯದ್ದು, 1975ರದ್ದು. ಮಂಟಪದ ಮುಂದೆ ಹದಿನಾಲ್ಕು ಜನ ಸಾಲಾಗಿ ನಿಂತಿದ್ದಾರೆ. ಎಡದಿಂದ ಮೂರನೆಯವನು ಒಬ್ಬ ತರುಣ. ಕೈಗೆ ವಾಚು ಕಟ್ಟಿದ್ದಾನೆ, ಆ ಕೈಯನ್ನು ಬೇಕಂತಲೇ ಎದುರಿಗೆ ಹಿಡಿದಿದ್ದಾನೆ. ಯಾರು ಅಂತ ಅಜ್ಜನನ್ನು ಕೇಳಿದರೆ "ನಿನ್ನ ಅಜ್ಜಿ ಕಡೆಯವರು" ಎನ್ನುತ್ತಾರೆ. ಅಜ್ಜಿಯನ್ನು ಕೇಳಿದರೆ "ಅಲ್ಲ, ಅವರ ದಾಯಾದಿಗಳಲ್ಲಿ ಯಾರೋ" ಎನ್ನುತ್ತಾರೆ. ಫೋಟೋದ ಹಿಂದೆ ಸ್ಟುಡಿಯೋದ ಸೀಲು ಮಾತ್ರ ಇದೆ.

2025ರ ಮೇನಲ್ಲಿ ಅವರ ಮದುವೆಗೆ ಐವತ್ತು ವರ್ಷ ತುಂಬಿತು. ಸಾಗರದ ಹತ್ತಿರದ ಊರ ಮನೆಯಲ್ಲಿ ಎಲ್ಲರೂ ಸೇರಿ ಒಂದು ಫೋಟೋ ತೆಗೆಸಿಕೊಂಡೆವು. ಕಟ್ಟು ಹಾಕಿಸಿ ಜಗಲಿಯಲ್ಲಿ ನೇತುಹಾಕುವುದು, ಫ್ಯಾಮಿಲಿ ಗ್ರೂಪಿಗೆ ಹಾಕುವುದು, ಎರಡಕ್ಕೂ ಕ್ಯಾಪ್ಷನ್ ಬರೆಯುವ ಕೆಲಸ ನನ್ನ ತಲೆಗೆ ಬಂತು. ಎರಡು ಸಾಲಿನ ಕೆಲಸ ಅಂದುಕೊಂಡೆ. ಮೂರು ದಿನ ಹಿಡಿಯಿತು, ಎರಡು ಸಲ ತಪ್ಪಾಯಿತು. ಆ ಫೋಟೋವನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ. ಅಜ್ಜ ಸುಬ್ಬಣ್ಣ, ಅಜ್ಜಿ ಜಾನಕಿ ಅಂತಿಟ್ಟುಕೊಳ್ಳಿ.

ಮೊದಲು ತಲೆ ಎಣಿಸಿ

ಬರೆಯಲು ಕೂರುವ ಮೊದಲು ಫೋಟೋವನ್ನು ಒಂದು ಎ4 ಹಾಳೆಯಲ್ಲಿ ಸಾದಾ ಪ್ರಿಂಟ್ ತೆಗೆಸಿ. ಒಂದೊಂದು ತಲೆಯ ಮೇಲೂ ಪೆನ್ನಲ್ಲಿ ನಂಬರ್ ಹಾಕಿ. ಫೋನಿನಲ್ಲೇ ಬರೆಯುವ ಅಭ್ಯಾಸ ಇದ್ದರೆ ಅದರಲ್ಲೇ ಹಾಕಬಹುದು. ನಮ್ಮ ಫೋಟೋದಲ್ಲಿ ಇಪ್ಪತ್ತು ಜನ. ಕುರ್ಚಿಯ ಮೇಲೆ ನಾಲ್ಕು: ಅಜ್ಜ, ಅಜ್ಜಿ, ಅಜ್ಜನ ತಂಗಿ, ಅಜ್ಜಿಯ ತಮ್ಮ. ಹಿಂದೆ ನಿಂತವರು ಹತ್ತು: ನಾಲ್ಕು ಮಕ್ಕಳು, ಅವರ ಗಂಡ-ಹೆಂಡಿರು, ಮತ್ತೆ ಮದುವೆಯಾದ ಒಬ್ಬ ಮೊಮ್ಮಗಳು ಮತ್ತು ಅವಳ ಗಂಡ. ಮುಂದೆ ಜಮಖಾನದ ಮೇಲೆ ಐವರು ಮೊಮ್ಮಕ್ಕಳು, ಅದರಲ್ಲಿ ನಾನೂ ಒಬ್ಬಳು. ಇಪ್ಪತ್ತನೆಯದು ಅಜ್ಜಿಯ ತೊಡೆಯ ಮೇಲಿರುವ ಮರಿಮಗಳು. ಅವಳನ್ನು ಮೊದಲ ಸಲ ಎಣಿಸುವಾಗ ಬಿಟ್ಟೇಬಿಟ್ಟಿದ್ದೆ, ಸೆರಗಿನೊಳಗೆ ಮುಖ ಹುದುಗಿಸಿಕೊಂಡಿದ್ದಳು.

ನಂಬರ್ ಹಾಕಿದ ಚಿತ್ರವನ್ನು ಮನೆಯವರಿಗೆ ಕಳಿಸಿ "ನಿಮ್ಮ ನಂಬರಿನ ಮುಂದೆ ನಿಮ್ಮ ಹೆಸರನ್ನು ನೀವೇ ಕನ್ನಡದಲ್ಲಿ ಟೈಪ್ ಮಾಡಿ" ಅಂತ ಕೇಳಿ. ಹೆಸರು ಗೊತ್ತಿಲ್ಲದೆ ಕೇಳುವುದಲ್ಲ ಇದು. ಬರೆಯುವ ರೀತಿ ಗೊತ್ತಾಗಬೇಕು. ಸವಿತಾನೋ ಸವಿತನೋ, ಶ್ರೀನಿವಾಸನೋ ಶ್ರೀನಿವಾಸ್ ಎಂದೋ? ನನ್ನ ಅತ್ತೆಯ ಹೆಸರನ್ನು ನಾನು ಹುಟ್ಟಿದಾಗಿನಿಂದ ತಪ್ಪಾಗಿ ಬರೆಯುತ್ತಿದ್ದೆ ಅಂತ ಅವತ್ತೇ ಗೊತ್ತಾಗಿದ್ದು. ಪಾಪ, ಅವರೂ ಹೇಳಿರಲಿಲ್ಲ.

ಎಡ ಯಾವುದು, ಬಲ ಯಾವುದು

ಕ್ಯಾಪ್ಷನ್‌ನಲ್ಲಿ "ಎಡದಿಂದ ಬಲಕ್ಕೆ" ಅಂದರೆ ಫೋಟೋ ನೋಡುವವರ ಎಡ. ನಿಂತವರ ಎಡಗೈ ಕಡೆ ಅಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ನಾನು ಎಡವಿದ್ದು ಬೇರೆ ಕಡೆ.

ಇಪ್ಪತ್ತು ಜನವೂ ಪರದೆಯಲ್ಲಿ ಕಾಣಬೇಕು ಅಂತ ನಮ್ಮ ಚಿಕ್ಕ ಮಾವ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಟೈಮರ್ ಇಟ್ಟು, ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದರು. ಅವರ ಫೋನು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಯೇ ಉಳಿಸುತ್ತದೆ. ನಾನು ಆ ಚಿತ್ರ ನೋಡಿ ಹೆಸರುಗಳನ್ನು ಸಾಲಾಗಿ ಬರೆದುಕೊಂಡೆ. ಆಮೇಲೆ ಕಟ್ಟು ಹಾಕುವ ಅಂಗಡಿಯವನು ಚಿತ್ರವನ್ನು ಸರಿಯಾದ ದಿಕ್ಕಿಗೆ ತಿರುಗಿಸಿದ. ಅಜ್ಜನ ತಂಗಿಯ ಹೆಸರು ಅಜ್ಜಿಯ ತಮ್ಮನ ಕೆಳಗೆ ಬಂತು!

ಚಿತ್ರ ತಿರುಗಿದೆಯೋ ಇಲ್ಲವೋ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಸೀರೆಯ ಸೆರಗು ನೋಡಿ. ನಮ್ಮ ಕಡೆ ಸೆರಗು ಎಡ ಹೆಗಲ ಮೇಲೆ ಬರುತ್ತದೆ, ಅಂದರೆ ನೋಡುವವರಿಗೆ ಅದು ಬಲಗಡೆ ಕಾಣಬೇಕು. ಎಲ್ಲ ಹೆಂಗಸರ ಸೆರಗೂ ನಿಮ್ಮ ಎಡಗಡೆ ಕಂಡರೆ ಚಿತ್ರ ಕನ್ನಡಿಯದ್ದು. ಕೊಡವರ ಸೀರೆಯಲ್ಲಿ ಸೆರಗು ಬಲ ಹೆಗಲಿಗೆ ಬರುತ್ತದೆ, ಅಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಗೋಡೆಯಲ್ಲಿ ಕ್ಯಾಲೆಂಡರ್ ಇದ್ದರೆ, ಬ್ಯಾನರ್ ಕಟ್ಟಿದ್ದರೆ ಅಕ್ಷರ ಉಲ್ಟಾ ಇದೆಯಾ ನೋಡಿದರೂ ಸಾಕು. ಮೊದಲು ಚಿತ್ರವನ್ನು ಸರಿ ಮಾಡಿ, ಆಮೇಲೆ ಹೆಸರು ಬರೆಯಿರಿ. ಐಫೋನಿನಲ್ಲಿ ಇದು ಆಗಬಾರದು ಅಂದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ Mirror Front Camera ಅನ್ನುವುದನ್ನು ಆಫ್ ಮಾಡಿಡಬೇಕು.

ತಾರೀಖು ಒಂದಲ್ಲ, ಮೂರು

ಸಿಹಿ ಸಾಲು ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದು ಇದಕ್ಕೆ. ಅಜ್ಜಿಯ ಟ್ರಂಕಿನಿಂದ ಲಗ್ನಪತ್ರಿಕೆ ತೆಗೆಸಿದೆ. ಹಳದಿ ಹಾಳೆ, ಮೂಲೆಯಲ್ಲಿ ಅರಿಶಿನದ ಕಲೆ. "ರಾಕ್ಷಸನಾಮ ಸಂವತ್ಸರದ ವೈಶಾಖ ಶುದ್ಧ" ಅಂತ ಶುರುವಾಗಿ, ಕೊನೆಗೆ 22-5-1975, ಗುರುವಾರ ಅಂತ ಇತ್ತು. ಮನೆಯಲ್ಲಿ ಎಲ್ಲರೂ ಮೇ 20 ಅಂತಲೇ ಹೇಳುತ್ತಿದ್ದರು. ಯಾಕೆ ಅಂತ ಕೊನೆಗೂ ತಿಳಿಯಲಿಲ್ಲ, ಬಹುಶಃ ದೇವರ ಸಮಾರಾಧನೆಯ ದಿನವೇ ಬಾಯಿಗೆ ಬಂದು ಉಳಿದಿರಬೇಕು. ಹಾಗಾಗಿ ನೆನಪನ್ನು ನಂಬಬೇಡಿ, ಪತ್ರಿಕೆ ನೋಡಿ.

ಪತ್ರಿಕೆಯಲ್ಲಿ ಇಂಗ್ಲಿಷ್ ತಾರೀಖೇ ಇಲ್ಲದಿದ್ದರೆ? ಸಂವತ್ಸರದ ಹೆಸರಿನಿಂದ ಇಸವಿ ಸಿಗುತ್ತದೆ. ಅರವತ್ತು ಸಂವತ್ಸರಗಳ ಮೊದಲನೆಯದಾದ ಪ್ರಭವ ಕಳೆದ ಸಲ ಶುರುವಾಗಿದ್ದು 1987ರ ಯುಗಾದಿಗೆ. ರಾಕ್ಷಸ ಪಟ್ಟಿಯಲ್ಲಿ 49ನೆಯದು. ಪ್ರಭವಕ್ಕೆ ಹನ್ನೆರಡು ವರ್ಷ ಹಿಂದೆ ಎಣಿಸಿದರೆ 1975. ಸರಿಹೋಯಿತು. ಒಂದು ಎಚ್ಚರಿಕೆ: ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಮದುವೆ ಮಾಘದಲ್ಲೋ ಫಾಲ್ಗುಣದಲ್ಲೋ ಆಗಿದ್ದರೆ ಇಸವಿ ಒಂದು ಮುಂದಕ್ಕೆ ಹೋಗುತ್ತದೆ. ರಾಕ್ಷಸನಾಮ ಸಂವತ್ಸರದ ಫಾಲ್ಗುಣ ಬಂದಿದ್ದು 1976ರಲ್ಲಿ.

ಎರಡನೆಯ ತಾರೀಖು ತಿಥಿಯದ್ದು. ವೈಶಾಖದ ಆ ತಿಥಿ 2025ರಲ್ಲಿ ಸುಮಾರು ಎರಡು ವಾರ ಮೊದಲೇ ಬಂದುಹೋಯಿತು. ಅಜ್ಜಿ ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿ, ಪಾಯಸ ಮಾಡಿ, ಯಾರಿಗೂ ಹೇಳದೆ ತಮ್ಮ ಪಾಡಿಗೆ ಐವತ್ತು ವರ್ಷ ಮುಗಿಸಿಬಿಟ್ಟಿದ್ದರು. ತಿಥಿಯೂ ತಾರೀಖೂ ಹೆಚ್ಚುಕಡಿಮೆ ಒಂದೇ ಕಡೆ ಬರುವುದು 19 ವರ್ಷಕ್ಕೊಮ್ಮೆ. ಐವತ್ತು ಆ ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದು ಫೋಟೋ ತೆಗೆದ ದಿನ. 2025ರ ಮೇ 22 ಕೂಡ ಗುರುವಾರವೇ. ರಜೆ ಸಿಗಲಿಲ್ಲ. ಹಾಗಾಗಿ ಎಲ್ಲರೂ ಸೇರಿದ್ದು ಮೇ 25, ಭಾನುವಾರ. ಕ್ಯಾಪ್ಷನ್‌ನಲ್ಲಿ "22 ಮೇ 2025ರಂದು ತೆಗೆದ ಚಿತ್ರ" ಅಂತ ಬರೆದರೆ ಸುಳ್ಳಾಗುತ್ತದೆ. "ಐವತ್ತು ವರ್ಷ ತುಂಬಿದ ವಾರ" ಅಂತಲೋ, ಎರಡು ತಾರೀಖನ್ನೂ ಬೇರೆಬೇರೆಯಾಗಿಯೋ ಬರೆದರೆ ತೊಂದರೆ ಇಲ್ಲ.

ಇನ್ನೊಂದು ಗೊಂದಲ ತುಂಬಾ ಜನ ಮಾಡುತ್ತಾರೆ. 1975ರ ಮೇನಲ್ಲಿ ಮದುವೆ ಆದವರು 2025ರ ಮೇನಲ್ಲಿ ಐವತ್ತು ವರ್ಷ ತುಂಬಿಸಿ ಐವತ್ತೊಂದಕ್ಕೆ ಕಾಲಿಡುತ್ತಾರೆ. "ಐವತ್ತನೇ ವರ್ಷಕ್ಕೆ ಕಾಲಿಟ್ಟ" ಅಂದರೆ ನಲವತ್ತೊಂಬತ್ತು ಮುಗಿದಿದೆ ಅಂತ ಅರ್ಥ. ನನ್ನ ಮೊದಲ ಕರಡಿನಲ್ಲಿ ಹಾಗೇ ಇತ್ತು. "ಒಂದು ವರ್ಷ ನುಂಗಿಬಿಟ್ಟೆಯಲ್ಲೇ" ಅಂದರು ಅಜ್ಜ. "ಮದುವೆಗೆ ಐವತ್ತು ವರ್ಷ ತುಂಬಿತು" ಅಂತ ಬರೆದರೆ ಯಾವ ಲೆಕ್ಕವೂ ತಪ್ಪುವುದಿಲ್ಲ. "ಐವತ್ತನೇ ವಿವಾಹ ವಾರ್ಷಿಕೋತ್ಸವ" ಕೂಡ ಸರಿ. "ಐವತ್ತನೇ ವರ್ಷದ ವಾರ್ಷಿಕೋತ್ಸವ" ಬೇಡ, ವಾರ್ಷಿಕದಲ್ಲೇ ವರ್ಷ ಇದೆ. ಇದನ್ನು ಷಷ್ಟ್ಯಬ್ದಿ ಅಂತ ಬರೆಯುವವರೂ ಇದ್ದಾರೆ. ಷಷ್ಟ್ಯಬ್ದಿ ವ್ಯಕ್ತಿಗೆ ಅರವತ್ತಾದಾಗ ಮಾಡುವುದು, ಮದುವೆಯ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ.

ಶ್ರದ್ಧಾಂಜಲಿ ಬೋರ್ಡಿನ ಹಾಗೆ ಕಾಣಬಾರದು

ನನ್ನ ಎರಡನೇ ಕರಡು ಹೀಗಿತ್ತು:

ಸುಬ್ಬಣ್ಣ – ಜಾನಕಿ
1975 – 2025
ಸವಿನೆನಪು

ಅಮ್ಮ ನೋಡಿದವರೇ "ಅಯ್ಯೋ, ಇದನ್ನು ತೆಗಿ" ಅಂದರು. ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ನಮ್ಮೂರ ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸ್ ನೋಡಿದ್ದೀರಲ್ವಾ? ಮುಖ, ಕೆಳಗೆ ಹೆಸರು, ಕೆಳಗೆ ಎರಡು ಇಸವಿ, ನಡುವೆ ಒಂದು ಅಡ್ಡಗೆರೆ. ಹುಟ್ಟು, ಸಾವು. ಅದನ್ನು ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಆಗಿದೆ. ವಯಸ್ಸಾದವರ ಫೋಟೋ ಕೆಳಗೆ ಎರಡು ಇಸವಿಗೆ ಗೆರೆ ಎಳೆದರೆ ದೂರದಿಂದ ಅದೇ ಥರ ಕಾಣುತ್ತದೆ. "ಸವಿನೆನಪು", "ನೆನಪಿನಂಗಳದಲ್ಲಿ" ಇವೂ ಅದೇ ಕಡೆ ಎಳೆಯುತ್ತವೆ. ಕಟ್ಟಿನ ಅಂಗಡಿಯವನು ಚಂದಕ್ಕೆ ಅಂತ ಮೂಲೆಯಲ್ಲಿ ದೀಪದ ಚಿತ್ರ ಹಾಕುತ್ತೇನೆ ಅಂದರೆ ಅದನ್ನೂ ಬೇಡ ಅನ್ನಿ.

ಮದುವೆ ಅನ್ನುವ ಪದವನ್ನು ತಾರೀಖಿನ ಪಕ್ಕದಲ್ಲೇ ಇಟ್ಟರೆ ಈ ತೊಂದರೆ ಹೋಗುತ್ತದೆ. "ಮದುವೆ: 22 ಮೇ 1975." ಎರಡನೇ ತಾರೀಖು ಬೇರೆ ಸಾಲಿನಲ್ಲಿ, "ಈ ಚಿತ್ರ" ಅನ್ನುವ ಮಾತಿನ ಜೊತೆ ಬರಲಿ.

ಸಂಬಂಧ ಯಾರ ಕಡೆಯಿಂದ?

ಹೆಸರಿನ ಪಕ್ಕದಲ್ಲಿ ಸಂಬಂಧ ಬರೆಯಬೇಕು, ಇಲ್ಲದಿದ್ದರೆ ಇನ್ನು ಮೂವತ್ತು ವರ್ಷ ಬಿಟ್ಟು ನೋಡುವವರಿಗೆ ಬರೀ ಹೆಸರಿನ ಪಟ್ಟಿ ಸಿಗುತ್ತದೆ. ಆದರೆ ನಾನು "ದೊಡ್ಡ ಮಾವ" ಅಂತ ಬರೆದರೆ ಅವರ ಮಗಳಿಗೆ ಅದು "ಅಪ್ಪ", ಚಿಕ್ಕ ಮಾವನ ಮಗನಿಗೆ "ದೊಡ್ಡಪ್ಪ". ನನ್ನ ಅಮ್ಮ ಅವರಿಬ್ಬರಿಗೂ ಅತ್ತೆ. ಗೋಡೆಯ ಮೇಲಿನ ಫೋಟೋ ನನ್ನೊಬ್ಬಳದಲ್ಲವಲ್ಲ.

ಹಾಗಾಗಿ ಕಟ್ಟಿನ ಫೋಟೋದಲ್ಲಿ ಎಲ್ಲ ಸಂಬಂಧವನ್ನೂ ನಡುವೆ ಕೂತ ಇಬ್ಬರ ಕಡೆಯಿಂದ ಬರೆಯಿರಿ. ಮಗಳು, ಅಳಿಯ, ಮಗ, ಸೊಸೆ, ಮೊಮ್ಮಗಳು, ಮೊಮ್ಮಗಳ ಗಂಡ, ಮರಿಮಗಳು. ನಾನು ಈ ಪಟ್ಟಿಯಲ್ಲಿ "ನಾನು" ಅಲ್ಲ, ಎರಡನೇ ಮಗಳ ಮಗಳು. ಸ್ವಲ್ಪ ಒಣ ಅನ್ನಿಸುತ್ತದೆ, ಇರಲಿ. ವಾಟ್ಸಾಪಿನಲ್ಲಿ ಹಾಕುವಾಗ "ನಮ್ಮ ಅಜ್ಜ-ಅಜ್ಜಿ" ಅಂತ ನಿಮ್ಮ ಬಾಯಲ್ಲೇ ಬರೆಯಬಹುದು, ಅಲ್ಲಿ ಮಾತಾಡುವವರು ನೀವೇ. ತಾತ ಅನ್ನುವ ಮನೆಯವರು ತಾತ ಅಂತಲೇ ಬರೆಯಿರಿ. ಕ್ಯಾಪ್ಷನ್‌ಗಾಗಿ ಅಜ್ಜನನ್ನು "ಪಿತಾಮಹ" ಮಾಡುವುದು ಬೇಡ.

ಹೆಂಗಸರ ಹೆಸರು ಬಿಟ್ಟುಹೋಗುವುದು ಇಲ್ಲೇ. "ಶ್ರೀಮತಿ ಮತ್ತು ಶ್ರೀ ಸುಬ್ಬಣ್ಣ" ಅಂತ ಲಗ್ನಪತ್ರಿಕೆಯ ಶೈಲಿಯಲ್ಲಿ ಬರೆದರೆ ಐವತ್ತು ವರ್ಷದ ಫೋಟೋದಲ್ಲಿ ಅಜ್ಜಿಗೆ ಹೆಸರೇ ಇಲ್ಲದ ಹಾಗಾಗುತ್ತದೆ. ಸೊಸೆಯಂದಿರನ್ನೂ "ಮತ್ತು ಪತ್ನಿ" ಮಾಡಬೇಡಿ. ಅಜ್ಜಿಗೆ ಮದುವೆಯಲ್ಲಿ ಹೆಸರು ಬದಲಾಗಿದ್ದರೆ ತವರಿನ ಹೆಸರನ್ನೂ ಕಟ್ಟಿನ ಹಿಂದೆ ಅಂಟಿಸುವ ಹೆಸರಿನ ಪಟ್ಟಿಯಲ್ಲಿ ಸೇರಿಸಿ. ನಮ್ಮ ಅಜ್ಜಿಯನ್ನು ತವರಿನಲ್ಲಿ ಈಗಲೂ ಬೇರೆ ಹೆಸರಿನಿಂದಲೇ ಕರೆಯುತ್ತಾರೆ. ಅವರ ತಮ್ಮ ಬರೆದುಕೊಡುವವರೆಗೆ ನಾನು ಆ ಹೆಸರನ್ನು ಮುದ್ದಿನ ಹೆಸರು ಅಂದುಕೊಂಡಿದ್ದೆ.

ಫೋಟೋದಲ್ಲಿ ಇಲ್ಲದವರಿಗೂ ಒಂದು ಸಾಲು ಬೇಕು. ನನ್ನ ತಮ್ಮ ಕೆನಡಾದಲ್ಲಿದ್ದಾನೆ, ಬರಲಾಗಲಿಲ್ಲ. "ಚಿತ್ರದಲ್ಲಿಲ್ಲದವರು" ಅಂತ ಬರೆದು ಅವನ ಹೆಸರು ಹಾಕಿದೆ. ಹಾಕದಿದ್ದರೆ ಮುಂದೆ ನೋಡುವವರು ಅವನು ಆಗ ಹುಟ್ಟಿರಲಿಲ್ಲ ಅಂದುಕೊಳ್ಳಬಹುದು. ತೀರಿಕೊಂಡ ಮಗನೋ ಮಗಳೋ ಇರುವ ಮನೆಯಲ್ಲಿ ಮಾತ್ರ ನೀವೇ ತೀರ್ಮಾನ ಮಾಡಬೇಡಿ. ಅಜ್ಜ-ಅಜ್ಜಿಯನ್ನು ಒಂದು ಮಾತು ಕೇಳಿ. ಕೆಲವರಿಗೆ ಆ ಹೆಸರು ಮುಂದೆಯೇ ಇರಬೇಕು, ಕೆಲವರಿಗೆ ಹಬ್ಬದ ಫೋಟೋದಲ್ಲಿ ಅದನ್ನು ದಿನಾ ಓದುವುದು ಕಷ್ಟ.

ಹರಸುವವರು ಯಾರು?

ಮೊಮ್ಮಕ್ಕಳು ಬರೆಯುವ ಕ್ಯಾಪ್ಷನ್‌ಗಳಲ್ಲಿ "ನೂರ್ಕಾಲ ಸುಖವಾಗಿ ಬಾಳಿ" ಅನ್ನುವುದು ಜಾಸ್ತಿ ಕಾಣುತ್ತದೆ. ಅದು ದೊಡ್ಡವರು ಚಿಕ್ಕವರಿಗೆ ಹೇಳುವ ಮಾತು. ಮದುಮಕ್ಕಳ ತಲೆಗೆ ಅಕ್ಷತೆ ಹಾಕುತ್ತಾ ಹೇಳುವುದು. ಎಪ್ಪತ್ತೈದು ದಾಟಿದ ಅಜ್ಜನಿಗೆ ಇಪ್ಪತ್ತೈದರ ಮೊಮ್ಮಗಳು ಹಾಗೆ ಹರಸಿದರೆ ಯಾರೂ ಬೈಯುವುದಿಲ್ಲ, ಆದರೆ ಕಿವಿಗೆ ಎಡವಿದ ಹಾಗೆ ಆಗುತ್ತದೆ. ಚಿಕ್ಕವರಾದರೆ "ನಮಸ್ಕಾರ ಮಾಡಿ ಆಶೀರ್ವಾದ ತಗೊಂಡೆವು" ಅನ್ನಿ. ಆಸೆಯನ್ನು ಹೇಳಲೇಬೇಕಾದರೆ ನಿಮಗಾಗಿ ಬೇಡಿಕೊಳ್ಳಿ: "ಮುಂದಿನ ಮೇನಲ್ಲೂ ಇದೇ ಜಗಲಿಯಲ್ಲಿ ಹೀಗೇ ಕೂರಬೇಕು."

"ಆದರ್ಶ ದಂಪತಿ" ನನಗೆ ಹಿಡಿಸುವುದಿಲ್ಲ. ಬರೆಯುವುದಾದರೂ "ದಂಪತಿಗಳು" ಅನ್ನಬೇಡಿ. ದಂಪತಿ ಅಂದರೇ ಇಬ್ಬರು. "ಅಜ್ಜ-ಅಜ್ಜಿಯರ" ಅಂದರೂ ನಾಲ್ಕು ಜನ ಇದ್ದ ಹಾಗೆ ಕೇಳುತ್ತದೆ, "ಅಜ್ಜ-ಅಜ್ಜಿಯ" ಸಾಕು. ಕ್ರಿಯಾಪದ ಮಾತ್ರ ಬಹುವಚನದಲ್ಲಿರಲಿ. ಮನೆಯಲ್ಲಿ "ಅಜ್ಜಿ ಬಂದಳು" ಅನ್ನುವ ಸಲಿಗೆ ಇದ್ದರೂ ಬರೆಯುವಾಗ "ಬಂದರು".

ಆ ಒಂದು ಸಾಲು

ಹೆಸರು, ತಾರೀಖು, ಜಾಗ ಆದಮೇಲೆ ಒಂದೇ ಒಂದು ಸಾಲು ನಿಮ್ಮದು. ಅದರಲ್ಲಿ ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳಬೇಡಿ. ಎಲ್ಲರೂ ನಗುತ್ತಿದ್ದಾರೆ ಅನ್ನುವುದು ನೋಡಿದರೆ ಗೊತ್ತಾಗುತ್ತದೆ. ಯಾಕೆ ನಗುತ್ತಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ.

ನಮ್ಮದರಲ್ಲಿ ಎಲ್ಲರೂ ನಗುತ್ತಿರುವುದಕ್ಕೆ ಕಾರಣ ಇತ್ತು. ಟೈಮರ್ ಓಡುತ್ತಿರುವಾಗ ಅಜ್ಜ, ನಾನು ಅಂದು ಬೆಳಿಗ್ಗೆ ಓದಿ ಹೇಳಿದ್ದ ಲಗ್ನಪತ್ರಿಕೆ ನೆನಪಿಸಿಕೊಂಡು, "ಮದುವೆಯಾಗಿದ್ದೇ ರಾಕ್ಷಸ ಸಂವತ್ಸರದಲ್ಲಿ, ಇನ್ನೇನು" ಅಂದರು. ಅಜ್ಜಿ ತಿರುಗಿಯೂ ನೋಡದೆ "ಅದು ನಾನು ಹೇಳಬೇಕಾದ ಮಾತು" ಅಂದರು. ಅಷ್ಟರಲ್ಲಿ ಕ್ಲಿಕ್ ಆಯಿತು. ಇನ್ನೊಂದು ವಿಷಯವೂ ಚಿತ್ರದಲ್ಲಿ ಕಾಣುವುದಿಲ್ಲ. ಅಂಗಳದಲ್ಲಿ ಚಪ್ಪರ ಹಾಕಿದ್ದೆವು, ಫೋಟೋ ಅಲ್ಲೇ ತೆಗೆಯುವುದು ಅಂತಿತ್ತು. ಆ ವರ್ಷ ಮುಂಗಾರು ಒಂದು ವಾರ ಮುಂಚೆ, ಮೇ 24ಕ್ಕೇ ಕೇರಳಕ್ಕೆ ಬಂದಿತ್ತು. ಮರುದಿನ ನಮ್ಮ ಚಪ್ಪರ ಸೋರುತ್ತಿತ್ತು. ಅದಕ್ಕೇ ಇಪ್ಪತ್ತು ಜನ ಜಗಲಿಯಲ್ಲಿ ಒತ್ತಿಕೊಂಡು ಕೂತಿದ್ದು.

ಇಂಥದ್ದನ್ನು ಆ ವಾರವೇ ಬರೆದಿಡಿ. ಸಿಗದಿದ್ದರೆ ಪಕ್ಕದಲ್ಲಿದ್ದವರನ್ನು "ಕ್ಲಿಕ್ ಆಗುವ ಮೊದಲು ಯಾರು ಏನಂದರು?" ಅಂತ ಕೇಳಿ. ಒಬ್ಬರಿಗಾದರೂ ನೆನಪಿರುತ್ತದೆ.

ಕೊನೆಗೆ ಕಟ್ಟಿನ ಮುಂಭಾಗಕ್ಕೆ ಹೀಗೆ ಬರೆದೆ:

> ಜಾನಕಿ ಮತ್ತು ಸುಬ್ಬಣ್ಣ. ಮದುವೆ: 22 ಮೇ 1975.
> ಐವತ್ತು ವರ್ಷ ತುಂಬಿದ ವಾರ, ಮಳೆಯ ಭಾನುವಾರ, ನಮ್ಮ ಜಗಲಿಯಲ್ಲಿ ಮನೆಮಂದಿಯೊಂದಿಗೆ. ಈ ಚಿತ್ರ 25 ಮೇ 2025ರದ್ದು.

ಫ್ಯಾಮಿಲಿ ಗ್ರೂಪಿಗೂ ಸ್ಟೇಟಸ್‌ಗೂ ಹೀಗೆ:

> "ಮದುವೆಯಾಗಿದ್ದೇ ರಾಕ್ಷಸ ಸಂವತ್ಸರದಲ್ಲಿ" ಅಂದರು ಅಜ್ಜ. "ಅದು ನಾನು ಹೇಳಬೇಕಾದ ಮಾತು" ಅಂದರು ಅಜ್ಜಿ. ನಾವು ನಕ್ಕಿದ್ದು ಅದಕ್ಕೆ. ನಮ್ಮ ಅಜ್ಜ-ಅಜ್ಜಿಯ ಮದುವೆಗೆ ಐವತ್ತು ವರ್ಷ ತುಂಬಿತು.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗಳಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದನ್ನು ಒತ್ತಿ ಓದಬೇಕು. ಅದಕ್ಕೇ ಮಾತು ಮೊದಲು, ಸಂದರ್ಭ ಆಮೇಲೆ. ಗೋಡೆಯ ಮೇಲೆ ಇದರ ಉಲ್ಟಾ. ಅಲ್ಲಿ ತಮಾಷೆ ಬೇಡ ಅಂತ ನನ್ನ ಅಭಿಪ್ರಾಯ. ಸ್ಟೇಟಸ್ ಒಂದು ದಿನಕ್ಕೆ ಹೋಗುತ್ತದೆ, ಕಟ್ಟಿನ ಮೇಲಿನ ಜೋಕನ್ನು ಅಜ್ಜಿ ದಿನಾ ದೀಪ ಹಚ್ಚುವಾಗ ಓದಬೇಕು. ಇನ್ನೊಂದು ಮಾತು, ಎಲ್ಲರೂ ಊರಿಗೆ ಬಂದಿದ್ದೇವೆ ಅಂತ ಫೋಟೋವನ್ನು ಊರಲ್ಲಿರುವಾಗಲೇ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಬೆಂಗಳೂರಿನ ಮನೆಗಳಿಗೆಲ್ಲ ಬೀಗ ಬಿದ್ದಿದೆ ಅಂತ ಹೇಳಿದ ಹಾಗೆ. ವಾಪಸ್ ಹೋದಮೇಲೆ ಹಾಕಿ.

ಅಂಗಡಿಗೆ ಕೊಡುವಾಗ

ನೀವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್ ಕನ್ನಡ. ಹಲವು ಫ್ರೇಮ್, ಫ್ಲೆಕ್ಸ್ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟುಗಳಲ್ಲೇ ಕೆಲಸ. ಅಲ್ಲಿ ನಿಮ್ಮ ಸಾಲನ್ನು ಹಾಗೇ ಅಂಟಿಸಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ಅಥವಾ ಚೌಕಗಳು ಬರುತ್ತವೆ. ಕೆಲವರು ಮತ್ತೆ ಟೈಪ್ ಮಾಡುತ್ತಾರೆ, ಆಗ ಹೊಸ ತಪ್ಪು ಸೇರುತ್ತದೆ. ಹಾಗಾಗಿ ಬರಹದ ಜೊತೆ ಅದರ ಸ್ಕ್ರೀನ್‌ಶಾಟನ್ನೂ ಕಳಿಸಿ, "ಹೀಗೇ ಕಾಣಬೇಕು" ಅನ್ನಿ. ಪ್ರಿಂಟಿಗೆ ಮೊದಲು ಚಿತ್ರ ತರಿಸಿಕೊಂಡು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ನಮ್ಮದರಲ್ಲಿ "ಸುಬ್ಬಣ್ಣ" ಮೊದಲ ಸಲ "ಸುಬ್‌ಬಣ್‌ಣ" ಆಗಿ ಬಂದಿತ್ತು. ಅರ್ಕಾವತ್ತು, ಅಂದರೆ "ವರ್ಷ"ದಲ್ಲಿ ಬರುವ ಆ ಗುರುತು, ಸರಿಯಾದ ಅಕ್ಷರದ ಮುಂದೆ ಇದೆಯಾ ಅಂತಲೂ ನೋಡಿ.

ಕಟ್ಟು 12×18 ಇಂಚಿನದ್ದಾದರೆ ಮುಂಭಾಗಕ್ಕೆ ಎರಡು-ಮೂರು ಸಾಲು ಸಾಕು. ಇಪ್ಪತ್ತು ಹೆಸರು ಹಾಕಿದರೆ ಅಕ್ಷರ ಸಣ್ಣದಾಗಿ, ಕನ್ನಡಕ ಹಾಕಿದ ಅಜ್ಜನಿಗೂ ಕಾಣುವುದಿಲ್ಲ. ಹೆಸರುಗಳು ಹಿಂದಕ್ಕೆ ಹೋಗಲಿ. ಈಗಿನ ಫೋಟೋ ಕಾಗದಕ್ಕೆ ಪ್ಲಾಸ್ಟಿಕ್ ಪದರ ಇರುತ್ತದೆ, ಪೆನ್ಸಿಲ್ ಹಿಡಿಯುವುದಿಲ್ಲ, ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಏಳುತ್ತದೆ. ಬೇರೆ ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ, ಕಟ್ಟಿನ ಹಿಂದಿನ ಹಲಗೆಗೆ ಅಂಟಿಸಿ. ನಂಬರ್ ಹಾಕಿದ ಆ ಎ4 ಹಾಳೆಯನ್ನೂ ಮಡಚಿ ಅದರೊಳಗೇ ಇಡಿ.

> ಕುಳಿತವರು, ಎಡದಿಂದ ಬಲಕ್ಕೆ: ಸುಬ್ಬಣ್ಣನ ತಂಗಿ (1), ಸುಬ್ಬಣ್ಣ (2), ಜಾನಕಿ (3), ಜಾನಕಿಯ ತಮ್ಮ (4). ಜಾನಕಿಯ ತೊಡೆಯ ಮೇಲೆ ಮರಿಮಗಳು (20).
> ನಿಂತವರು, ಎಡದಿಂದ ಬಲಕ್ಕೆ: ಹಿರಿಯ ಮಗಳು (5), ಅವರ ಪತಿ (6), ಹಿರಿಯ ಮಗ (7), ಅವರ ಪತ್ನಿ (8)...

ಇಲ್ಲಿ ಹೆಸರುಗಳನ್ನು ಬಿಟ್ಟಿದ್ದೇನೆ. ನಿಮ್ಮದರಲ್ಲಿ ಪ್ರತಿ ನಂಬರಿಗೂ ಪೂರ್ತಿ ಹೆಸರು, ಜೊತೆಗೆ ಸಂಬಂಧ ಇರಲಿ. ಫೋನಿನಲ್ಲಿರುವ ಪ್ರತಿಗೂ ಇದೇ ಗತಿ ಬೇಕು. ವಾಟ್ಸಾಪಿನಲ್ಲಿ ಚಿತ್ರದ ಕೆಳಗೆ ಬರೆದ ಸಾಲು ಗ್ಯಾಲರಿಗೆ ಉಳಿಸಿದಾಗ ಜೊತೆಗೆ ಹೋಗುವುದಿಲ್ಲ. ಹಾಗಾಗಿ ಮೂಲ ಚಿತ್ರ ಇರುವ ಫೋಲ್ಡರಿನಲ್ಲೇ ಈ ಪಟ್ಟಿಯ ಒಂದು ಫೋಟೋವನ್ನೂ ಇಟ್ಟುಬಿಡಿ.

ಹೆಸರಿನ ಪಟ್ಟಿಯನ್ನು ಅಜ್ಜಿಯ ತಮ್ಮನಿಗೆ ತೋರಿಸಲು ಹೋದಾಗ 1975ರ ಫೋಟೋವನ್ನೂ ಒಯ್ದಿದ್ದೆ. ಅದಕ್ಕೂ ಎಡದಿಂದ ಬಲಕ್ಕೆ ನಂಬರ್ ಹಾಕಿಸೋಣ ಅಂತ. ವಾಚಿನ ತರುಣನ ಮೇಲೆ ಬೆರಳಿಟ್ಟ ತಕ್ಷಣ ಅವರು ನಕ್ಕರು. "ಇವನು ಯಾರ ನೆಂಟನೂ ಅಲ್ಲ ಮಾರಾಯ್ತಿ. ದಿಬ್ಬಣದ ಬಸ್ಸಿನ ಡ್ರೈವರು. ಫೋಟೋದವನು ಎಲ್ಲರೂ ಬನ್ನಿ ಅಂದ, ಇವನೂ ಬಂದು ನಿಂತ." ಹೆಸರು ಅವರಿಗೂ ಗೊತ್ತಿರಲಿಲ್ಲ. ಹಳೆಯ ಕಾಗದ, ಪೆನ್ಸಿಲ್ ಚೆನ್ನಾಗಿ ಹಿಡಿಯಿತು. ಫೋಟೋವನ್ನು ಮಗುಚಿ ಹಿಂದೆ ಮೆಲ್ಲಗೆ ಬರೆದೆ: "ಎಡದಿಂದ ಮೂರನೆಯವರು, ದಿಬ್ಬಣದ ಬಸ್ಸಿನ ಡ್ರೈವರ್. ಹೆಸರು ತಿಳಿಯದು."